ದೊಡ್ಡವರ ದೀಕ್ಷಾಸ್ನಾನದ ಪ್ರಸಂಗ: ನೀರು ಬರೀ ತೊಳೆಯೋದಕ್ಕಲ್ಲ ಅಂತ ಹೇಗೆ ಹೇಳೋದು?

ಬೆಟಗೇರಿ ಓಣಿ

ಎಲ್ಲರಿಗೂ ವಂದನೆ. ನಮ್ಮ ಸಭೆಯಲ್ಲಿ ಬರುವ ತಿಂಗಳು ಇಬ್ಬರು ದೊಡ್ಡವರಿಗೆ ದೀಕ್ಷಾಸ್ನಾನ ಇದೆ. ಒಬ್ಬ 27ರ ಹುಡುಗ, ಇನ್ನೊಬ್ಬರು 40 ದಾಟಿದ ಹೆಣ್ಣುಮಗಳು. ನೀರಿಗೆ ಇಳಿಸುವವರು ಸಭಾಪಾಲಕರು. ಅದಕ್ಕೆ ಮುಂಚೆ 12 ನಿಮಿಷದ ಪ್ರಸಂಗ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೂರುವವರಲ್ಲಿ ಅರ್ಧಕ್ಕರ್ಧ ಜನ ರೋಣ, ನರಗುಂದ ಕಡೆಯ ನೆಂಟರು. ಮದುವೆಗೆ ಬಿಟ್ಟರೆ ಚರ್ಚಿನೊಳಗೆ ಬಂದವರಲ್ಲ.

ಕರಡು ಹೀಗೆ ಶುರುವಾಗುತ್ತದೆ: “ಪ್ರಿಯರೇ, ಮೈ ಕೊಳೆಯಾದರೆ ಸ್ನಾನ ಮಾಡುತ್ತೇವೆ. ಆತ್ಮ ಕೊಳೆಯಾದರೆ? ಇವತ್ತು ಈ ಇಬ್ಬರ ಪಾಪ ಈ ನೀರಿನಲ್ಲಿ ತೊಳೆದು ಹೋಗುತ್ತದೆ.” ನಮ್ಮ ಮನೆಯಲ್ಲಿ ಓದಿ ಕೇಳಿಸಿದೆ. ಪಕ್ಕದ ಮನೆ ಅಜ್ಜ ಕೇಳಿ, “ಹಂಗಾದ್ರ ನಾವು ಹೊಳೀಗೆ ಹೋಗಿ ಮುಳುಗಿ ಬರೂದೂ ಅದ ಅಲ್ಲೇನಪಾ” ಅಂದರು. ಉತ್ತರ ಕೊಡೋಕೆ ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ ತೆಗೆದರೆ ಅಲ್ಲಿ ತೊಳೆಯುವ ಮಾತೇ ಇಲ್ಲ, ಸಾಯುವ, ಹೂಣಿಡುವ, ಏಳುವ ಮಾತಿದೆ. ಸಂತೋಷದ ದಿನ, ಹೂವು ಕಟ್ಟಿ ಬಿರಿಯಾನಿ ಮಾಡಿಸಿರುವಾಗ, ನೆಂಟರ ಎದುರು ಸಾವಿನ ಮಾತು ಎಲ್ಲಿಂದ ಎತ್ತಲಿ? ಎಷ್ಟು ಹೊತ್ತು?

ಕೇಶ್ವಾಪುರ ಕ್ವಾಯರ್

ಬ್ರದರ್, ಇಷ್ಟು ತಲೆ ಕೆಡಿಸ್ಕೋಬ್ಯಾಡ್ರಿ. ಯೊರ್ದನ್ ಹೊಳೀಲಿಂದ ಶುರು ಮಾಡ್ರಿ. ಸ್ನಾನಿಕನಾದ ಯೋಹಾನ ಜನರಿಗೆ ಯೊರ್ದನಿನೊಳಗ ಮಾಡಿಸಿದ ದೀಕ್ಷಾಸ್ನಾನನ ನಾವು ಇವತ್ತೂ ಮಾಡೂದು. ಜನ ಪಾಪ ಒಪ್ಪಿಕೊಂಡ್ರು, ನೀರಿಗೆ ಇಳಿದ್ರು, ಶುದ್ಧ ಆದ್ರು. ಯೇಸುಸ್ವಾಮಿನೂ ಅಲ್ಲೇ ಇಳಿದ. ಸಾವು ಗೀವು ಸೇರಿಸಿದ್ರ ಹಳ್ಳಿಯಿಂದ ಬಂದ ಮುದುಕ್ಯಾರು ಅಂಜತಾರ. ಒಂದು ಹಾಡು ಹೇಳ್ಸಿ, ಐದ್ ನಿಮಿಷ ಮಾತಾಡಿ ಮುಗಿಸ್ರಿ.

ಹಳೇ ಸಂಡೇಸ್ಕೂಲ್, ಧಾರವಾಡ

ಕೇಶ್ವಾಪುರದವರು ಹೇಳಿದ್ದರಲ್ಲಿ ಅರ್ಧ ಸರಿ. ಯೊರ್ದನ್ ಕಥೆ ಬೇಕು, ಶುದ್ಧೀಕರಣದ ಅರ್ಥವೂ ಬೇಕು. ಅಪೊಸ್ತಲರ ಕೃತ್ಯಗಳು 22:16ರಲ್ಲಿ ಅನನೀಯ ಪೌಲನಿಗೆ ಪಾಪ ತೊಳೆದುಕೋ ಅಂತಲೇ ಹೇಳುತ್ತಾನೆ. ಆದರೆ ಯೋಹಾನನ ಸ್ನಾನ ಮತ್ತು ಸಭೆಯ ದೀಕ್ಷಾಸ್ನಾನ ಒಂದೇ ಅಲ್ಲ. ಅದೇ ಪುಸ್ತಕದ 19ನೇ ಅಧ್ಯಾಯ ನೋಡಿ. ಎಫೆಸದಲ್ಲಿ ಸುಮಾರು 12 ಮಂದಿ ಯೋಹಾನನ ಸ್ನಾನ ಮಾಡಿಸಿಕೊಂಡವರು ಸಿಗುತ್ತಾರೆ. ಅದು ಮಾನಸಾಂತರಕ್ಕೆ ಸಂಬಂಧಪಟ್ಟ ಸ್ನಾನ ಎಂದು ಪೌಲ ವಿವರಿಸಿದ ಮೇಲೆ ಅವರು ಯೇಸುವಿನ ಹೆಸರಿನಲ್ಲಿ ಮತ್ತೆ ಮಾಡಿಸಿಕೊಳ್ಳುತ್ತಾರೆ. ನಡುವೆ ಶಿಲುಬೆ ಬಂದಿದೆ. ಯೇಸು ತನ್ನ ಸಾವನ್ನೇ ದೀಕ್ಷಾಸ್ನಾನ ಅಂತ ಕರೆದದ್ದು ಮಾರ್ಕ 10:38ರಲ್ಲೂ ಲೂಕ 12:50ರಲ್ಲೂ ಇದೆ. ಸಾವಿನ ಅರ್ಥ ಪೌಲ ಆಮೇಲೆ ತಂದು ಅಂಟಿಸಿದ್ದಲ್ಲ.

ಇನ್ನೊಂದು ಗಮನಿಸಿ. ರೋಮಾಪುರಕ್ಕೆ ಆ ಪತ್ರ ಬರೆಯುವಾಗ ಪೌಲ ಇನ್ನೂ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಆದರೂ “ನಿಮಗೆ ಗೊತ್ತಿಲ್ಲವೇ” ಎಂಬ ಧಾಟಿಯಲ್ಲಿ ಕೇಳುತ್ತಾನೆ. ತಾನು ಕಲಿಸದ ಊರಲ್ಲೂ ಈ ಅರ್ಥ ಜನಕ್ಕೆ ಗೊತ್ತಿರುತ್ತದೆ ಅನ್ನುವ ಭರವಸೆ ಅವನಿಗಿತ್ತು.

ನಮ್ಮ ಕಡೆ ತೊಡಕು ಬೇರೆ ಇದೆ. ಇಲ್ಲಿ ಸಾವಿಗೂ ನೀರಿಗೂ ಆಗಲೇ ಒಂದು ಸಂಬಂಧವಿದೆ. ಮಣ್ಣಿಗೆ ಹೋಗಿ ಬಂದವರು ಮನೆ ಒಳಗೆ ಕಾಲಿಡುವ ಮುಂಚೆ ಮೈಮೇಲೆ ನೀರು ಹಾಕಿಕೊಳ್ಳುತ್ತಾರೆ. ಅಂದರೆ ಸಾವು ಅಲ್ಲಿ ಸ್ಮಶಾನದಲ್ಲಿ, ನೀರು ಇಲ್ಲಿ ಹಿತ್ತಲಲ್ಲಿ. ಆ ನೀರು ಸಾವನ್ನು ನಮ್ಮಿಂದ ದೂರ ಮಾಡುತ್ತದೆ. ನಿಮ್ಮ ಕೇಳುಗರ ಮನಸ್ಸಿನಲ್ಲಿರುವುದು ಆ ನೀರು. ರೋಮಾ 6 ಹೇಳುವುದು ಅದಕ್ಕೆ ಉಲ್ಟಾ: ಇಲ್ಲಿ ನೀರೇ ಗೋರಿ. ಅದು ಸಾವಿನಿಂದ ದೂರ ಮಾಡುವುದಿಲ್ಲ, ಒಬ್ಬನ ಸಾವಿನೊಳಗೆ ಇಳಿಸುತ್ತದೆ. ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳದಿದ್ದರೆ 12 ನಿಮಿಷ ಏನು ಹೇಳಿದರೂ ಅಜ್ಜನ ಪ್ರಶ್ನೆ ಹಾಗೇ ಉಳಿಯುತ್ತದೆ.

ಅಂಜುತ್ತಾರೆ ಅನ್ನುವುದನ್ನು ನಾನು ಒಪ್ಪಲ್ಲ. ಈ ಭಾಗದಲ್ಲಿ ಹೂಳುವ ಪದ್ಧತಿ ಕ್ರೈಸ್ತರದ್ದಷ್ಟೇ ಅಲ್ಲ, ಲಿಂಗಾಯತರೂ ಹೂಳುತ್ತಾರೆ, ಮುಸಲ್ಮಾನರೂ ಹೂಳುತ್ತಾರೆ. ಗುಂಡಿಗೆ ಇಳಿಸುವುದು, ಮುಚ್ಚುವುದು ಕಣ್ಣಾರೆ ಕಂಡ ಜನ. ಸುಡುವುದನ್ನೇ ನೋಡಿ ಬೆಳೆದವರಿಗೆ ಹೇಳುವುದಕ್ಕಿಂತ ಇವರಿಗೆ ಹೇಳುವುದು ಸುಲಭ.

ಪ್ರಸಂಗವನ್ನು ದೇಹದ ಮೂರು ಚಲನೆಗೆ ಕಟ್ಟಿ. ಇಳಿಯುವುದು, ಮುಳುಗಿರುವುದು, ಏಳುವುದು. ಒಂದೊಂದಕ್ಕೂ ಮೂರು ಮೂರುವರೆ ನಿಮಿಷ. ಉಳಿದದ್ದು ಮೊದಲ ಮಾತಿಗೆ. ಆಮೇಲೆ ಜನ ನೀರಿನ ಕಡೆ ತಿರುಗಿದಾಗ, ನೀವು ಹೇಳಿದ್ದೇ ಅದೇ ಕ್ರಮದಲ್ಲಿ ಕಣ್ಣೆದುರು ನಡೆಯುತ್ತದೆ. ತೊಳೆಯುವ ಮಾತನ್ನು ಕೊನೆಯ ಭಾಗದಲ್ಲಿ ಒಂದು ವಾಕ್ಯ ಇಡಿ, ಮೊದಲಿಗೆ ಇಡಬೇಡಿ. ಮೊದಲು ಇಟ್ಟರೆ ಕೇಳುಗ ಅಲ್ಲೇ ಕೂತುಬಿಡುತ್ತಾನೆ.

ಗೋಕುಲ ರೋಡ್ 2

ನಮಸ್ಕಾರ. ನಮ್ಮ ಮಗನ ದೀಕ್ಷಾಸ್ನಾನ ಚಿಕ್ಕವನಿದ್ದಾಗ ಆಗಿದೆ, ಸರ್ಟಿಫಿಕೇಟ್ ಕಳೆದಿದೆ. ಮದುವೆಗೆ ಕೇಳ್ತಿದ್ದಾರೆ. ದೊಡ್ಡವನಾದ ಮೇಲೆ ಇನ್ನೊಮ್ಮೆ ಮಾಡಿಸಿದರೆ ಹೊಸದು ಸಿಗುತ್ತಾ?

ಹಳೇ ಸಂಡೇಸ್ಕೂಲ್, ಧಾರವಾಡ

ಬೇಡ. ಯಾವ ಸಭೆಯಲ್ಲಿ ಆಗಿತ್ತೋ ಅಲ್ಲಿನ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಹೆಸರು ಇರುತ್ತದೆ. ವರ್ಷ, ತಂದೆ ತಾಯಿ ಹೆಸರು ಹೇಳಿ ನಕಲು ಕೇಳಿ. ಕಾಗದ ಕಳೆದದ್ದಕ್ಕೆ ಯಾರನ್ನೂ ನೀರಿಗಿಳಿಸುವುದಿಲ್ಲ.

ತೊಟ್ಟಿ ಮೇಸ್ತ್ರಿ, ಹಾವೇರಿ

ಪ್ರಸಂಗದ ವಿಚಾರ ದೊಡ್ಡವರು ಹೇಳ್ಯಾರ. ನಾ ತೊಟ್ಟಿ ಬಗ್ಗೆ ಹೇಳ್ತೀನಿ, ಯಾಕಂದ್ರ ತೊಟ್ಟಿ ಸರಿ ಇಲ್ಲಂದ್ರ ಮಾತು ಎಷ್ಟು ಚೊಲೋ ಇದ್ರೂ ಜನರಿಗೆ ಗೋರಿ ಕಾಣಂಗಿಲ್ಲ, ಒದ್ದಾಟ ಕಾಣತೈತಿ.

ಒಳಗಿನ ಅಳತಿ ಉದ್ದ 7 ಫೂಟ್, ಅಗಲ 4 ಫೂಟ್, ನೀರು ಮೂರೂಕಾಲು ಫೂಟ್ ಇರಲಿ. ಲೆಕ್ಕ ಹಾಕಿದ್ರ 91 ಘನ ಫೂಟ್, ಅಂದ್ರ ಹತ್ತಹತ್ರ 2,600 ಲೀಟರ್. ನಳದ ನೀರು ದಿನಾ ಬರದ ಊರಾಗ ಇದು ಸಣ್ಣ ಮಾತಲ್ಲ, ಟ್ಯಾಂಕರ್ ಮೊದಲೇ ಹೇಳಿ ಇಡ್ರಿ. ಒಬ್ಬ ಮನುಷ್ಯಾ ಇಳಿದ್ರ ನೀರು ಸುಮಾರು ಒಂದು ಇಂಚು ಏರತೈತಿ. ಮಲಗಿಸುವಾಗ ತೆರಿ ಬ್ಯಾರೆ ಏಳತಾವ. ಅದಕ್ಕ ಅಂಚಿಗೆ ಅರ್ಧ ಫೂಟ್ ಬಿಟ್ಟು ತುಂಬಸ್ರಿ.

ಮಡಚೂ ತೊಟ್ಟಿ ತಂದು ಮಾಳಿಗಿ ಮ್ಯಾಲಿನ ಹಾಲಿನೊಳಗ ಇಡ್ತೀನಿ ಅನ್ನವ್ರು ಇದ್ದಾರ. ಇಡಬ್ಯಾಡ್ರಿ. ಅಷ್ಟು ಆಳದ ನೀರು ಒಂದು ಚದರ ಮೀಟರಿಗೆ ಟನ್ ಹತ್ರ ಭಾರ. ಜನ ಕೂಡೂ ಹಾಲಿನ ಸ್ಲ್ಯಾಬ್ ಸಾಮಾನ್ಯ 400-500 ಕಿಲೊ ಲೆಕ್ಕದಾಗ ಕಟ್ಟಿರ್ತಾರ. ನೆಲದ ಮ್ಯಾಲ ಇಡ್ರಿ.

ಇನ್ನ ಕರೆಂಟ್. ಡಿಸೆಂಬರ್ ಥಂಡಿ ಅಂತ ತೊಟ್ಟಿಯೊಳಗ ಕಾಯಿಲ್ ಬಿಡ್ತಾರ. 2,600 ಲೀಟರಿಗೆ 5 ಡಿಗ್ರಿ ಏರಸಾಕ ಒಂದೂವರೆ ಕಿಲೊವ್ಯಾಟಿನ ಕಾಯಿಲಿಗೆ 10 ತಾಸು ಬೇಕು, ಹಂಗಾಗಿ ಅದು ರಾತ್ರಿಯೆಲ್ಲ ಅಲ್ಲೇ ಇರತೈತಿ, ಮುಂಜಾನೆ ಗಡಿಬಿಡ್ಯಾಗ ತೆಗೆಯೂದು ಮರೀತೈತಿ. ಅದಕ್ಕಿಂತ ಹಿಂದಿನ ದಿನ ತುಂಬಿ ಬಿಸಿಲಿಗೆ ಬಿಡ್ರಿ, ಮುಂಜಾನೆ ಹಂಡೇದ ಬಿಸಿನೀರು ಸುರೀರಿ. ತೀರಾ ಥಂಡಿ ಇದ್ರ ಮುಳುಗಿದ ಕೂಡ್ಲೆ ಮನುಷ್ಯಾ ತನಗ ಗೊತ್ತಿಲ್ಲದ ಉಸಿರು ಎಳ್ಕೋತಾನ, ನೀರು ಮೂಗಿಗೆ ಏರತೈತಿ.

ಮೈಕ್ ವಾಯರ್ ಇದ್ದಿದ್ದು ನೀರಿನ ಹತ್ರಾನೂ ಬ್ಯಾಡ. 2005ರಾಗ ಅಮೆರಿಕದ ಟೆಕ್ಸಸ್‌ನ ವೇಕೊ ಊರಾಗ ಒಬ್ಬ ಪಾಸ್ಟರ್ ದೀಕ್ಷಾಸ್ನಾನದ ನೀರಿನಾಗ ನಿಂತು ಮೈಕ್ ಸರಿ ಮಾಡ್ಕೊಳ್ಳಾಕ ಹೋಗಿ ಕರೆಂಟ್ ಹೊಡದು ತೀರಕೊಂಡ್ರು. ನೀರಿನಾಗ ನಿಂತವರು ಬರೀ ಬಾಯಲೆ ಮಾತಾಡ್ಲಿ.

ಬೆಟಗೇರಿ ಓಣಿ

ಮೇಸ್ತ್ರಿ ಅಣ್ಣಾರ, ಹೊಳೆಯಲ್ಲಿ ಮಾಡಿದರೆ ಇದೆಲ್ಲ ತಪ್ಪುತ್ತದಲ್ಲ? ತುಂಗಭದ್ರೆ ದೂರವೇನಿಲ್ಲ.

ತೊಟ್ಟಿ ಮೇಸ್ತ್ರಿ, ಹಾವೇರಿ

ತಪ್ಪತೈತಿ, ಬ್ಯಾರೆ ಒಂದು ಬರತೈತಿ. ಮರಳು ತೆಗೆದ ಕಡೆ ಹೊಳಿ ತಳದಾಗ ಗುಂಡಿ ಇರ್ತಾವ. ಮೊಣಕಾಲ ನೀರಿನಾಗ ನಿಂತವ ಎರಡು ಹೆಜ್ಜಿ ಆಚೆ ಇಟ್ರ ಕುತ್ತಿಗಿಮಟ. ಮ್ಯಾಲಿನ ಡ್ಯಾಮಿನಿಂದ ನೀರು ಬಿಟ್ರ ಮಟ್ಟ ಏರೂದು ಗೊತ್ತಾಗಂಗಿಲ್ಲ. ಹೊಳೀನ ಬೇಕಂದ್ರ ಅದೇ ದಿನ ಮುಂಜಾನೆ ಈಜು ಬರೋರು ಇಬ್ಬರು ಇಳಿದು, ಕೋಲು ಹಿಡ್ಕೊಂಡು ಹತ್ತು ಹೆಜ್ಜಿ ಅಳದು, ನಾಕು ಬಿದಿರು ನೆಟ್ಟು ಜಾಗ ಗೊತ್ತು ಮಾಡ್ಬೇಕು.

ಬೆಟಗೇರಿ ಓಣಿ

ತೊಟ್ಟಿಯೇ ಇರಲಿ. ಮೂರು ಚಲನೆಯ ಮೇಲೆ ಮತ್ತೆ ಬರೆದಿದ್ದೇನೆ. ಕಡ್ಡಿ ಮುರಿದಂಗ ಹೇಳಿ.

“ಬಂಧುಗಳೇ, ನೀವು ಇಲ್ಲಿ ಕಾಣುತ್ತಿರುವುದು ಒಂದು ನೀರಿನ ತೊಟ್ಟಿ. ಇದು ಸ್ನಾನಕ್ಕೆ ಅಂತ ನಿಮಗನಿಸಿದರೆ ತಪ್ಪಲ್ಲ. ಆದರೆ ಮಣ್ಣಿಗೆ ಹೋಗಿ ಬಂದ ಮೇಲೆ ನಾವು ಮಾಡುವ ಸ್ನಾನ ಇದಲ್ಲ. ಆ ಸ್ನಾನ ಸತ್ತವರನ್ನು ಬಿಟ್ಟು ಬಂದ ಮೇಲಿನದು. ಈ ನೀರಿಗೆ ಇವರು ಸಾಯುವುದಕ್ಕೇ ಇಳಿಯುತ್ತಾರೆ.

ಮೊದಲು ಇಳಿಯುತ್ತಾರೆ. ಯಾರೂ ತಳ್ಳುವುದಿಲ್ಲ. ತಮ್ಮ ಕಾಲಮೇಲೆ ನಡೆದು ಇಳಿಯುತ್ತಾರೆ. ಯೇಸು ಶಿಲುಬೆಗೆ ಹೋದದ್ದೂ ಹಾಗೆ, ತಾನಾಗಿ. ಅವನು ಎರಡು ಸಾವಿರ ವರ್ಷದ ಹಿಂದೆ ಸತ್ತ ಸಾವಿನಲ್ಲಿ ಇವತ್ತು ಇವರು ತಮ್ಮ ಪಾಲು ಕೇಳುತ್ತಿದ್ದಾರೆ.

ಆಮೇಲೆ ಮುಳುಗುತ್ತಾರೆ. ನೀರು ಮೇಲೆ ಮುಚ್ಚಿಕೊಳ್ಳುತ್ತದೆ. ಹೂಣಿಟ್ಟವನಿಗೆ ಯಾರೂ ಆಜ್ಞೆ ಕೊಡುವುದಿಲ್ಲ, ಯಾರೂ ಸಾಲ ವಸೂಲಿಗೆ ಗೋರಿಯ ಹತ್ತಿರ ಬರುವುದಿಲ್ಲ. ಪಾಪವೆಂಬ ಯಜಮಾನನಿಗೆ ಇವರ ಮೇಲಿದ್ದ ಹಕ್ಕು ಅಲ್ಲಿಗೆ ಮುಗಿಯಿತು.

ಕೊನೆಗೆ ಏಳುತ್ತಾರೆ. ಕಾಳು ಮಣ್ಣಿಗೆ ಬಿದ್ದು ಸತ್ತು ಮೊಳಕೆ ಒಡೆಯುವ ಹಾಗೆ ಇವರು ಹೊಸ ಜನ್ಮ ಎತ್ತಿ ಬರುತ್ತಾರೆ. ಹಳೆಯದೆಲ್ಲ ಹೋಯಿತು. ಇನ್ನು ಇವರು ಬೇರೆಯೇ ಮನುಷ್ಯರು.”

ಹಳೇ ಸಂಡೇಸ್ಕೂಲ್, ಧಾರವಾಡ

ಮೊದಲ ಎರಡು ಭಾಗ ಮುಟ್ಟಬೇಡಿ. ಯಜಮಾನನ ಮಾತು ರೋಮಾ 6ರ ಮುಂದಿನ ವಚನಗಳದ್ದೇ, ಅಲ್ಲಿ ದಾಸರ ಉದಾಹರಣೆ ಬರುತ್ತದೆ. ಮೂರನೆಯದರಲ್ಲಿ ಎರಡು ತೊಂದರೆ ಇವೆ.

ಒಂದು, “ಹೊಸ ಜನ್ಮ ಎತ್ತಿ ಬರುತ್ತಾರೆ”. ಯೋಹಾನ 3ರಲ್ಲಿ ನೀರಿನಿಂದಲೂ ಆತ್ಮನಿಂದಲೂ ಹುಟ್ಟುವ ಮಾತಿದೆ, ಸರಿ. ಆದರೆ ನಮ್ಮ ಊರ ಕಿವಿಗೆ ಜನ್ಮ ಎತ್ತುವುದು ಅಂದರೆ ಸತ್ತು ಇನ್ನೊಂದು ದೇಹದಲ್ಲಿ ಬರುವುದು. ಹಿಂದಿನ ಜನ್ಮದ ಕರ್ಮ, ಮುಂದಿನ ಜನ್ಮದ ಫಲ ಎಲ್ಲ ಹಿಂದೆಯೇ ಬರುತ್ತವೆ. ನೀವು ಹೇಳಬೇಕಾದದ್ದು ಅದರ ವಿರುದ್ಧ. ಅದೇ ಮನುಷ್ಯ, ಅದೇ ಹೆಸರು, ಅದೇ ಅವ್ವ ಅಪ್ಪ, ಸೊಸೈಟಿಯಲ್ಲಿ ತೆಗೆದ ಸಾಲವೂ ಅದೇ. ಇದನ್ನು ನೆಂಟರ ಮುಖ ನೋಡಿ ಹೇಳಿ. “ಬೇರೆಯೇ ಮನುಷ್ಯರು” ಅಂದದ್ದನ್ನು ಕೇಳಿ ಆ ಹೆಣ್ಣುಮಗಳ ಅಣ್ಣ ತಮ್ಮಂದಿರು, ಇನ್ನು ಈಕೆ ನಮ್ಮ ಪಾಲಿಗಿಲ್ಲ ಅಂದುಕೊಂಡರೆ ಅದು ನಿಮ್ಮ ವಾಕ್ಯದ ತಪ್ಪು.

ಎರಡು, ಕಾಳು. ಯೋಹಾನ 12:24ರಲ್ಲಿ ಯೇಸುವೇ ಹೇಳಿದ್ದು, ಆದರೆ ಅಲ್ಲಿ ಅವನು ಮಾತಾಡುವುದು ತನ್ನ ಸಾವಿನ ಬಗ್ಗೆ, ಮತ್ತು ಒಂದರಿಂದ ಬಹಳ ಫಲ ಬರುವ ಬಗ್ಗೆ. ಎದುರಿಗೆ ಕೂತವರು ಹಿಂಗಾರಿ ಜೋಳ ಬಿತ್ತುವವರು. ಅವರಿಗೆ ಕಾಳು ಪ್ರತಿ ವರ್ಷದ ಕೆಲಸ, ಹದ ಇದ್ದರೆ ತಾನೇ ಏಳುತ್ತದೆ. ಆಗ ಪುನರುತ್ಥಾನವೂ ಋತುಮಾನದಂತೆ ತಾನಾಗಿ ಆಗುವುದು ಅನಿಸುತ್ತದೆ. ನೀರಿನೊಳಗೆ ಮಲಗಿದವನು ತಾನೇ ಏಳುವುದಿಲ್ಲ, ಅವನ ಬೆನ್ನಿನ ಕೆಳಗೆ ಇನ್ನೊಬ್ಬರ ಕೈ ಇರುತ್ತದೆ. ಅದನ್ನೇ ಹೇಳಿ. ಕ್ರಿಸ್ತನನ್ನು ತಂದೆಯ ಮಹಿಮೆ ಎಬ್ಬಿಸಿತು ಅಂತ ಆ ವಚನದಲ್ಲಿದೆ.

ಹುಟ್ಟನ್ನೂ ಸಾವನ್ನೂ ಒಟ್ಟಿಗೆ ಹೇಳಲೇಬೇಕು ಅಂತಿದ್ದರೆ ನಾಲ್ಕನೇ ಶತಮಾನದ ಯೆರೂಸಲೇಮಿನ ಸಿರಿಲ್ ಹೊಸದಾಗಿ ದೀಕ್ಷಾಸ್ನಾನ ಆದವರಿಗೆ ಹೇಳಿದ ಮಾತಿದೆ: ಆ ನೀರು ನಿಮಗೆ ಗೋರಿಯೂ ಆಯಿತು, ತಾಯಿಯೂ ಆಯಿತು. ಒಂದೇ ವಾಕ್ಯದಲ್ಲಿ ಎರಡೂ ಬಂತು. ಅವನು ಅದನ್ನು ವಿವರಿಸಿದ್ದು ದೀಕ್ಷಾಸ್ನಾನ ಆದ ಮೇಲೆ, ಅನುಭವಿಸಿದವರಿಗೆ. ನಿಮ್ಮದು ಮುಂಚೆ, ಮುಳುಗದವರ ಎದುರು. ಹಾಗಾಗಿ ಚುಟುಕಾಗಿರಲಿ.

ಕೇಶ್ವಾಪುರ ಕ್ವಾಯರ್

ಯೋಹಾನನ ಮಾತು ಒಪ್ಪಿದೆ ಸರ್. ಆದ್ರ ಬೆನ್ನಿನ ಕೆಳಗ ಕೈ ಅಂದ್ರಿ. ಕೆಲವು ಕಡೆ ಮುಂದಕ್ಕ ಬಗ್ಗಿಸಿ ಮುಳುಗಸ್ತಾರ, ಕೆಲವು ಕಡೆ ಮೂರು ಸಲ ಮುಳುಗಸ್ತಾರ. ಅವರಿಗೆ ಈ ಪ್ರಸಂಗ ನಡೀತೈತೇನು?

ಹಳೇ ಸಂಡೇಸ್ಕೂಲ್, ಧಾರವಾಡ

ತಿದ್ದಬೇಕಾಗುತ್ತದೆ. ಅದಕ್ಕೇ ಬರೆಯುವ ಮೊದಲು ನಿಮ್ಮ ಸಭಾಪಾಲಕರನ್ನು ಹೇಗೆ ಮುಳುಗಿಸುತ್ತೀರಿ ಅಂತ ಕೇಳಿ. ಹಿಂದಕ್ಕೆ ಮಲಗಿಸಿದರೆ ಹೂಣಿಡುವ ಚಿತ್ರ ನೇರವಾಗಿ ಕಾಣುತ್ತದೆ. ಮೂರು ಸಲ ಅಂದರೆ ತಂದೆ, ಮಗ, ಪವಿತ್ರಾತ್ಮ ಎಂಬ ಒಂದೊಂದು ಹೆಸರಿಗೆ ಒಂದು; ಪೂರ್ವದ ಸಭೆಗಳಲ್ಲಿ ಅದೇ ರೂಢಿ. ಸಿರಿಲ್ ಅದರಲ್ಲಿ ಕ್ರಿಸ್ತನು ಗೋರಿಯಲ್ಲಿದ್ದ ಮೂರು ದಿನವನ್ನೂ ಕಂಡ. ಪದ್ಧತಿ ಯಾವುದೋ ಮಾತು ಅದಕ್ಕೆ ಹೊಂದಬೇಕು. ಮಾತಿನಲ್ಲಿ ಮಲಗಿಸಿ, ನೀರಿನಲ್ಲಿ ಬಗ್ಗಿಸಿದರೆ ಜನಕ್ಕೆ ಎರಡೂ ತಾಳೆಯಾಗುವುದಿಲ್ಲ.

ಹಿಂದಕ್ಕೆ ಮಲಗಿಸುವುದಾದರೆ ಕ್ರಮ ಹೀಗೆ. ಸಭಾಪಾಲಕರು ಎದುರಿಗೆ ನಿಲ್ಲುವುದಿಲ್ಲ, ಪಕ್ಕಕ್ಕೆ ನಿಲ್ಲುತ್ತಾರೆ. ಇಳಿದವರು ಎರಡೂ ಕೈ ಎದೆಯ ಹತ್ತಿರ ಜೋಡಿಸಿ, ಒಂದು ಕೈಯಲ್ಲಿ ಮಡಚಿದ ಕರ್ಚೀಫಿನಿಂದ ಮೂಗು ಹಿಡಿಯುತ್ತಾರೆ. ಸಭಾಪಾಲಕರ ಒಂದು ಕೈ ಆ ಕೈಗಳ ಮೇಲೆ, ಇನ್ನೊಂದು ಹೆಗಲ ಹಿಂದೆ. ಮೊಣಕಾಲು ಮಡಚಿ ಅಂತ ಮೊದಲೇ ಕಲಿಸಿರಬೇಕು. ಮಡಚದೆ ನೆಟ್ಟಗೆ ನಿಂತು ಬಿದ್ದರೆ ಕಾಲು ಜಾರಿ ಮೇಲೆ ತೇಲುತ್ತವೆ, ತಲೆ ಮೊದಲು ಕೆಳಗೆ ಹೋಗುತ್ತದೆ, ಅವರು ಹೆದರಿ ಕೈ ಕೊಸರುತ್ತಾರೆ. ಹಿಂದಿನ ದಿನ ನೀರಿಲ್ಲದೆ ನೆಲದ ಮೇಲೆ ಎರಡು ಸಲ ಮಾಡಿಸಿದರೆ ಇದು ತಪ್ಪುತ್ತದೆ. ಪೂರ್ತಿ ಮುಳುಗಿದ ಮೇಲೆ ಒಂದು ಕ್ಷಣ ನಿಂತು ಎಬ್ಬಿಸಿ. ಮುಟ್ಟಿದ ಕೂಡಲೇ ಎಳೆದರೆ ಹಣೆ ಒಣಗೇ ಉಳಿಯುತ್ತದೆ, ಮುಳುಗಿರುವ ಭಾಗವೇ ಕಾಣುವುದಿಲ್ಲ.

ಹಾಡುವವರಿಗೆ ಒಂದು ವಿನಂತಿ. ಏಳುವ ತನಕ ಹಾಡಬೇಡಿ. ನಡುವಿನ ಆ ಕ್ಷಣಕ್ಕೆ ಹಿನ್ನೆಲೆ ಸಂಗೀತ ಬೇಡ.

ಕೇಶ್ವಾಪುರ ಕ್ವಾಯರ್

ಕೀಬೋರ್ಡ್ ಹುಡುಗನಿಗೆ ಹೇಳೂದು ನಿಮಗ ಬಿಟ್ಟಿದ್ದು.

ಮುಳಗುಂದ ನಾಕಾ

ನಮ್ಮ ಅತ್ತೆಗೆ 74. ಮೊಣಕಾಲು ಮಡಚುವುದಿಲ್ಲ, ಉಬ್ಬಸ ಇದೆ, ನೀರೆಂದರೆ ಭಯ. ದೀಕ್ಷಾಸ್ನಾನ ಬೇಕು ಅಂತ ಅವರದೇ ಹಟ. ತಲೆಯ ಮೇಲೆ ನೀರು ಸುರಿದರೆ ಸಾಕು ಅಂತ ಒಬ್ಬರು, ಹೂಣಿಡದೆ ಅದು ದೀಕ್ಷಾಸ್ನಾನವೇ ಅಲ್ಲ ಅಂತ ಇನ್ನೊಬ್ಬರು. ಈ ಎಳೆ ಓದಿದ ಮೇಲೆ ಎರಡನೆಯವರು ಹೇಳುವುದೇ ಸರಿ ಅನಿಸುತ್ತಿದೆ.

ತೊಟ್ಟಿ ಮೇಸ್ತ್ರಿ, ಹಾವೇರಿ

ಅಕ್ಕಾರ, ತೊಟ್ಟಿಯೊಳಗ ಪ್ಲಾಸ್ಟಿಕ್ ಕುರ್ಚಿ ಇಟ್ಟು ಕೂಡ್ರಿಸಿ, ಇಬ್ಬರು ಹಿಡ್ಕೊಂಡು ಹಿಂದಕ್ಕ ಒರಗಸ್ತಾರ. ಆದ್ರ ಕುರ್ಚಿ ತೇಲತೈತಿ, ಕಾಲಿಗೆ ಭಾರ ಕಟ್ಟಬೇಕು. ಉಬ್ಬಸ ಇದ್ರ ನಾ ಹೇಳಾಂಗಿಲ್ಲ, ಡಾಕ್ಟರನ್ನ ಕೇಳ್ರಿ.

ಹಳೇ ಸಂಡೇಸ್ಕೂಲ್, ಧಾರವಾಡ

ಉಬ್ಬಸದವರನ್ನು ಮುಳುಗಿಸುವ ಅಗತ್ಯವಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಕಾರಣ ಹೇಳುತ್ತೇನೆ. ದಿದಾಖೆ ಅಂತ ಬಹಳ ಹಳೆಯ ಒಂದು ಸಣ್ಣ ಕೈಪಿಡಿ ಇದೆ. ಅದರ 7ನೇ ಅಧ್ಯಾಯ ಹೇಳುವುದು ಇಷ್ಟು: ಹರಿಯುವ ನೀರಿನಲ್ಲಿ ಮಾಡಿಸಿ, ಇಲ್ಲದಿದ್ದರೆ ಬೇರೆ ನೀರು, ತಣ್ಣೀರಿನಲ್ಲಿ ಆಗದಿದ್ದರೆ ಬಿಸಿನೀರು, ಎರಡೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ. ಅಂದರೆ ಮುಳುಗಿಸುವುದನ್ನು ಬಯಸಿದ ಕಾಲದಲ್ಲೇ ಸುರಿಯುವುದಕ್ಕೂ ಒಪ್ಪಿಗೆ ಇತ್ತು. 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಷನ್ನಿನವರು ಶಿಶುಗಳಿಗೂ ದೀಕ್ಷಾಸ್ನಾನ ಕೊಡುವ ಪರಂಪರೆಯವರು. ನಮ್ಮ ಕಡೆಯ ಹಳೆ ಸಭೆಗಳು ಆ ಬೇರಿನವು.

ಸುರಿಯುವಾಗ ಹೂಣಿಡುವ ಚಿತ್ರ ಮಸುಕಾಗುತ್ತದೆ ನಿಜ. ಅದಕ್ಕೆ ಪ್ರಸಂಗವನ್ನು ಬದಲಿಸಿ. ಮೇಲಿನಿಂದ ಬರುವ ನೀರು, ಸುರಿಸಲ್ಪಟ್ಟ ಆತ್ಮ, ಅಪೊಸ್ತಲರ ಕೃತ್ಯಗಳ 2ನೇ ಅಧ್ಯಾಯ. ಸಾವಿನ ಮಾತು ಆಗಲೂ ಹೇಳಬಹುದು, ಯಾಕೆಂದರೆ ಆ ಸಾವು ನೀರಿನ ಆಳದಲ್ಲಿಲ್ಲ, ಶಿಲುಬೆಯಲ್ಲಿದೆ. ಆದರೆ ಸುರಿಯುವಾಗ ಚೊಂಬಿನ ತುಂಬ ನೀರು ಇರಲಿ, ಮೂರು ಸಲವೂ ನೀರು ಮುಖದ ಮೇಲೆ ಇಳಿಯುವುದು ಕಾಣಲಿ. ನಾಲ್ಕು ಹನಿ ಚಿಮುಕಿಸಿದರೆ ಯಾವ ಅರ್ಥವೂ ಕಾಣುವುದಿಲ್ಲ.

ನವನಗರ ಬೈಬಲ್ ಸ್ಟಡಿ

ಕ್ಷಮಿಸಿ ಸರ್, ಒಪ್ಪಲಾರೆ. ದಿದಾಖೆ ಬೈಬಲ್ ಅಲ್ಲ. ಫಿಲಿಪ್ಪನೂ ಕಂಚುಕಿಯೂ ಇಬ್ಬರೂ ನೀರಿನೊಳಗೆ ಇಳಿದರು ಅಂತ ಅಪೊಸ್ತಲರ ಕೃತ್ಯಗಳು 8:38ರಲ್ಲಿದೆ. ಚೊಂಬಿನಲ್ಲಿ ಸುರಿಯುವುದಾದರೆ ರಥದಲ್ಲೇ ಕೂತು ಮುಗಿಸಬಹುದಿತ್ತು. ಶಿಶುವಾಗಿದ್ದಾಗ ಚಿಮುಕಿಸಿಕೊಂಡವರೂ ನಂಬಿದ ಮೇಲೆ ಮುಳುಗಬೇಕು. ಹೂಣಿಟ್ಟಿಲ್ಲದವನನ್ನು ಎಬ್ಬಿಸುವುದು ಹೇಗೆ?

ಹಳೇ ಸಂಡೇಸ್ಕೂಲ್, ಧಾರವಾಡ

ಇಳಿದರು ಅಂತಿದೆ, ಇಳಿದು ಏನು ಮಾಡಿದರು ಅಂತ ಇಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ತಲೆಗೆ ಸುರಿದಿರಲೂಬಹುದು. ಫಿಲಿಪ್ಪನೂ ಇಳಿದ ಅಂತಿದೆಯಲ್ಲ, ಅವನೂ ಮುಳುಗಿದನೇ? ಮರುದೀಕ್ಷಾಸ್ನಾನದ ವಿಚಾರದಲ್ಲಿ ಸಿಎಸ್‌ಐ ಒಂದು ಹೇಳುತ್ತದೆ, ನಿಮ್ಮ ಸಭೆ ಇನ್ನೊಂದು ಹೇಳುತ್ತದೆ. ಈ ಎಳೆಯಲ್ಲಿ ಅದು ಮುಗಿಯುವುದಿಲ್ಲ. ಮುಳಗುಂದ ನಾಕಾದ ಅಕ್ಕನವರು ತಮ್ಮ ಅತ್ತೆಯವರ ಸಭೆಯಲ್ಲಿ ಕೇಳಲಿ.

ನವನಗರ ಬೈಬಲ್ ಸ್ಟಡಿ

ಕೇಳಲಿ. ನನ್ನ ಮಾತು ನಾನು ಬಿಡುವುದಿಲ್ಲ.

ಮುಳಗುಂದ ನಾಕಾ

ಅತ್ತೆಗೆ ಇಬ್ಬರ ಮಾತೂ ಓದಿ ಹೇಳಿದೆ. “ಉಸಿರು ಇದ್ರ ತಾನೇ ಸಾಯೂದು” ಅಂದ್ರು. ಚೊಂಬೇ ಆಗಬಹುದು ಅನಿಸುತ್ತಿದೆ.

ಜಕ್ಕಲಿ ಹೊಲಿಗೆ

ಬಟ್ಟಿ ಬಗ್ಗೆ ಯಾರೂ ಬರದಿಲ್ಲ. ಇಬ್ಬರೂ ಬಿಳಿ ಅರಿವಿ ಉಟ್ಟು ನೀರಿಗೆ ಇಳೀಬೇಕು ಅಂತ ಹಲವು ಕಡೆ ಹೇಳ್ತಾರ. ಬಿಳಿ ಕಾಟನ್ ತೊಯ್ದ್ರ ಮೈ ಕಾಣತೈತಿ, ಪಾಪ ಆ ಹೆಣ್ಣುಮಗಳು ಏಳುವಾಗ ಪ್ರಾರ್ಥನಿ ಬಿಟ್ಟು ಸೆರಗು ಹುಡುಕ್ತಾಳ. ಸೀರಿ ಬ್ಯಾಡ, ನಿರಿಗಿ ನೀರಿನಾಗ ಬಿಚ್ಚಿ ಕಾಲಿಗೆ ಸುತ್ತಕೋತಾವ. ದಪ್ಪ ಅರಿವೀದು, ಗಾಢ ಬಣ್ಣದ ಚೂಡಿದಾರ, ತೋಳು ಉದ್ದ ಇರಲಿ. ಟಾಪಿನ ಕೆಳಗಿನ ಮಡಿಕ್ಯಾಗ ಸಣ್ಣ ಭಾರ ಇಟ್ಟು ಹೊಲದ್ರ ನೀರಿನ ಮ್ಯಾಲ ತೇಲಂಗಿಲ್ಲ. ಪಿನ್ನು, ಬಳಿ ತೆಗೆದಿಡ್ರಿ. ಏಳೂ ಕಡೆ ಮೆಟ್ಟಲ ಹತ್ರ ಇಬ್ಬರು ಹೆಣ್ಣುಮಕ್ಕಳು ದೊಡ್ಡ ಟವೆಲ್ ಬಿಚ್ಚಿ ಹಿಡ್ಕೊಂಡಿರ್ಲಿ.

ಹಳೇ ಸಂಡೇಸ್ಕೂಲ್, ಧಾರವಾಡ

ಅಕ್ಕಾರು ಹೇಳಿದ್ದು ಅರ್ಥಕ್ಕೂ ಹೊಂದುತ್ತದೆ. ಹಳೆಯ ಕಾಲದಲ್ಲೂ ಹಳೆ ಬಟ್ಟೆ ಕಳಚಿ ನೀರಿಗಿಳಿದು, ಎದ್ದ ಮೇಲೆ ಬಿಳಿ ತೊಡುತ್ತಿದ್ದರು. ಗಲಾತ್ಯ 3:27ರಲ್ಲಿ ಕ್ರಿಸ್ತನನ್ನು ಧರಿಸಿಕೊಳ್ಳುವ ಮಾತು ಬರುತ್ತದೆ. ಗೋರಿಗೆ ಇಳಿಯುವಾಗಲೇ ಬಿಳಿ ಉಟ್ಟರೆ ಬದಲಾವಣೆ ಎಲ್ಲಿ ಕಾಣಬೇಕು? ಬಿಳಿ ಆಮೇಲೆ ಇರಲಿ.

ಆದರೆ ಹಳ್ಳಿಯ ಹಿರಿಯ ಹೆಂಗಸರಿಗೆ ಬಿಳಿ ಸೀರೆ ಅಂದರೆ ಗಂಡ ಸತ್ತವಳದ್ದು. ನಮ್ಮವರಿಗೆ ಮದುಮಗಳದ್ದು. ಆಕೆ ಬಿಳಿ ಉಟ್ಟು ಹೊರಬರುವ ಮುಂಚೆ ಒಂದು ವಾಕ್ಯ ಹೇಳಿಬಿಡಿ, ಇದು ನಮ್ಮಲ್ಲಿ ಮದುವೆಯ ಬಣ್ಣ ಅಂತ.

ಬೆಟಗೇರಿ ಓಣಿ

ಸಭಾಪಾಲಕರನ್ನು ಕೇಳಿದೆ. ಹಿಂದಕ್ಕೆ ಮಲಗಿಸುವುದು, ಒಂದೇ ಸಲ. ಮೂರನೇ ಭಾಗ ಬದಲಿಸಿದ್ದೇನೆ:

“ಕೊನೆಗೆ ಏಳುತ್ತಾರೆ. ತಾವಾಗಿ ಏಳುವುದಿಲ್ಲ, ಎಬ್ಬಿಸುತ್ತಾರೆ. ಮುಳುಗಿದವರ ಬೆನ್ನಿನ ಕೆಳಗೆ ಒಂದು ಕೈ ಇರುವುದನ್ನು ನೋಡಿ. ಗೋರಿಯಿಂದ ಕ್ರಿಸ್ತನನ್ನು ತಂದೆ ಎಬ್ಬಿಸಿದ, ಅದೇ ಬಲ ಇವರನ್ನೂ ಎಬ್ಬಿಸುತ್ತದೆ ಅಂತ ನಾವು ನಂಬುತ್ತೇವೆ. ಇದು ಮುಂದಿನ ಜನ್ಮ ಅಲ್ಲ, ಇದೇ ಜನ್ಮ. ರೋಣದಿಂದ ಬಂದ ಅಣ್ಣಂದಿರೇ, ಈಕೆ ನಾಳೆಯೂ ನಿಮ್ಮ ತಂಗಿ. ಪಂಚಮಿಗೆ ಕರೆಯಲು ಬನ್ನಿ. ಬದಲಾದದ್ದು ಒಂದು: ಇನ್ನು ಈಕೆಯ ಯಜಮಾನ ಯಾರು ಅನ್ನುವುದು. ಹಳೆ ತಪ್ಪುಗಳು ಕ್ಷಮಿಸಲ್ಪಟ್ಟು ತೊಳೆದು ಹೋಗಿವೆ. ಯಾರಿಗಾದರೂ ಕೊಡಬೇಕಾದ ಬಾಕಿ ಇದ್ದರೆ ಅದನ್ನು ಹಿಂದಿರುಗಿಸುವುದು ಈಗ ಶುರುವಾಗುತ್ತದೆ.”

ಪಂಚಮಿ ಮಾತು ಇಡಲೋ ಬೇಡವೋ? ನಮ್ಮ ಸಭೆಯಲ್ಲಿ ಕೆಲವರು ಹುಬ್ಬೇರಿಸುತ್ತಾರೆ.

ನವನಗರ ಬೈಬಲ್ ಸ್ಟಡಿ

ತೆಗೆಯಿರಿ. ನಾಗಪ್ಪಗ ಹಾಲೆರೆಯುವ ಹಬ್ಬ. ಪ್ರಸಂಗ ಪೀಠದಿಂದ ಅದರ ಹೆಸರು ಯಾಕೆ?

ಜಕ್ಕಲಿ ಹೊಲಿಗೆ

ಇಡ್ರಿ. ತವರಿನವರು ಕರಿಯಾಕ ಬರೂದು ಹಾಲೆರೆಯಾಕ ಅಷ್ಟ ಅಲ್ಲ. ಆ ಅಣ್ಣ ತಮ್ಮಂದಿರಿಗೆ ತಿಳಿಯೂ ಮಾತು ಅದೊಂದ.

ಹಳೇ ಸಂಡೇಸ್ಕೂಲ್, ಧಾರವಾಡ

“ಪಂಚಮಿಗೆ ಕರೆಯಲು” ಬದಲು “ತವರಿಗೆ ಕರೆಯಲು” ಅಂದರೆ ಇಬ್ಬರೂ ಸುಮ್ಮನಾಗಬಹುದು. ಆದರೂ ಆಕೆಯನ್ನೇ ಮೊದಲು ಕೇಳಿ, ಆಕೆಯ ಮನೆಯ ಮಾತು ಅದು. ಬಾಕಿ ತೀರಿಸುವ ವಾಕ್ಯ ಚೆನ್ನಾಗಿದೆ, ಜಕ್ಕಾಯನ ಕಥೆ ನೆನಪಾಯಿತು. ಆದರೆ ಕಥೆ ಎತ್ತಬೇಡಿ, ಎತ್ತಿದರೆ 12 ನಿಮಿಷ 20 ಆಗುತ್ತದೆ. ಗಟ್ಟಿಯಾಗಿ ಓದಿ ಗಡಿಯಾರ ಹಿಡಿಯಿರಿ. ಸಭೆಯಲ್ಲಿ ನಿಂತಾಗ ಮನೆಯಲ್ಲಿ ಓದಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, 10 ನಿಮಿಷಕ್ಕೇ ಬರೆದಿಡಿ. ಮಾತು ಮುಗಿಯುವ ತನಕ ಆ ಇಬ್ಬರು ಕುರ್ಚಿಯಲ್ಲಿ ಕೂತಿರಲಿ, ತೊಟ್ಟಿಯ ಪಕ್ಕ ನಿಲ್ಲಿಸಬೇಡಿ.

ತೊಟ್ಟಿ ಮೇಸ್ತ್ರಿ, ಹಾವೇರಿ

ಮುಗದ ಮ್ಯಾಲ ಆ 2,600 ಲೀಟರ್ ಚರಂಡಿಗೆ ಬಿಡಬ್ಯಾಡ್ರಿ. ಪೈಪ್ ಹಚ್ಚಿ ಗಿಡಕ್ಕ ಬಿಡ್ರಿ. ಸಾಬೂನು ಹಾಕಿರಂಗಿಲ್ಲ, ಏನೂ ಆಗಂಗಿಲ್ಲ. ಅದೇ ರಾತ್ರಿ ಖಾಲಿ ಮಾಡ್ರಿ, ಹುಡುಗ್ರು ಆಡಾಕ ಇಳೀತಾವ.